ಒಬ್ಬರು ಮನೆ ಬಿಟ್ಟರೆ ಅವರ ಪಾಲಿನ ಬಾಡಿಗೆ ಯಾರದು?

ನಾಲ್ವರಿದ್ದ ಬಾಡಿಗೆ ಮನೆಯಿಂದ ಒಬ್ಬರು ಹೊರಟರೆ ಅವರ ಹಾಸಿಗೆ, ಪುಸ್ತಕ, ಬಕೆಟ್ಟು ಎಲ್ಲ ಅವರ ಜೊತೆ ಹೋಗುತ್ತವೆ. ಬಾಡಿಗೆಯ ಪಾಲು ಮಾತ್ರ ಹೋಗುವುದಿಲ್ಲ. ತಿಂಗಳ ಐದನೇ ತಾರೀಖಿಗೆ ಓನರ್‌ಗೆ ಎಷ್ಟು ತಲುಪಬೇಕೋ ಅಷ್ಟೇ ತಲುಪಬೇಕು. ಓದಲೆಂದೋ ಕೆಲಸಕ್ಕೆಂದೋ ಬೆಂಗಳೂರಿಗೆ ಬಂದು ಮೊದಲ ಸಲ ಹಂಚಿಕೊಂಡು ಮನೆ ಮಾಡಿದವರಿಗೆ ಈ ಸಂದರ್ಭ ಒಂದಲ್ಲ ಒಂದು ದಿನ ಬರುತ್ತದೆ. ಆಗ ಸಾಮಾನ್ಯವಾಗಿ ಏನಾಗುತ್ತದೆ? ವಾಟ್ಸಾಪ್‌ನಲ್ಲಿ ಒಬ್ಬರು ‘ಮುಂದಿನ ತಿಂಗಳಿಂದ ಮೂರು ಭಾಗ, ಓಕೆನಾ?’ ಎಂದು ಹಾಕುತ್ತಾರೆ. ಇನ್ನೊಬ್ಬರು ಹೆಬ್ಬೆರಳು ಎತ್ತಿದ ಚಿತ್ರ ಹಾಕುತ್ತಾರೆ. ಮೂರನೆಯವರು ಸುಮ್ಮನಿರುತ್ತಾರೆ. ಆ ಸುಮ್ಮನಿದ್ದವರು ಎರಡು ತಿಂಗಳಾದ ಮೇಲೆ ಬಾಯಿ ಬಿಟ್ಟಾಗ ಮಾತು ಬಾಡಿಗೆಯದ್ದಾಗಿ ಉಳಿದಿರುವುದಿಲ್ಲ, ಪಾತ್ರೆ ಯಾರು ತೊಳೆದರು ಎಂಬಲ್ಲಿಗೆ ಹೋಗಿರುತ್ತದೆ.

ಅದರ ಬದಲು ಒಂದು ಪುಟದ ಪತ್ರ ಬರೆಯುವುದು ಒಳ್ಳೆಯದು. ಹೇಗೆ ಬರೆಯಬೇಕು ಎಂಬುದನ್ನು ಒಂದು ಮನೆಯ ಲೆಕ್ಕವನ್ನೇ ಹಿಡಿದು ನೋಡೋಣ. ಮನೆ ಮತ್ತು ಹೆಸರುಗಳು ನಾನು ಉದಾಹರಣೆಗೆ ಇಟ್ಟುಕೊಂಡವು.

ಮೂರು ಬೆಡ್‌ರೂಮಿನ ಮನೆ, ಬಾಡಿಗೆ 32,000 ರೂಪಾಯಿ. ದೊಡ್ಡ ಕೋಣೆಗೆ ಅಟ್ಯಾಚ್ಡ್ ಬಾತ್‌ರೂಮ್ ಇದೆ. ಅದರಲ್ಲಿ ನಂದಿನಿ, ಅನಿತಾ ಇಬ್ಬರಿದ್ದಾರೆ, ತಲಾ 7,000 ಕೊಡುತ್ತಾರೆ. ಬಾಲ್ಕನಿ ಕೋಣೆಯಲ್ಲಿ ಶೈಲಜಾ ಒಬ್ಬರೇ, 10,000. ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ಎಲ್ಲರೂ ಅವರನ್ನು ಶೈಲಕ್ಕ ಎನ್ನುತ್ತಾರೆ. ಸಣ್ಣ ಕೋಣೆಯಲ್ಲಿ ಕವಿತಾ, 8,000. ಅನಿತಾಗೆ ಹುಬ್ಬಳ್ಳಿಗೆ ವರ್ಗವಾಗಿದೆ, ಜೂನ್ 30ಕ್ಕೆ ಹೊರಡುತ್ತಾಳೆ. ಪತ್ರ ಬರೆಯುವವಳು ಕವಿತಾ.

ಈಗ 7,000 ರೂಪಾಯಿ ಅನಾಥವಾಗಿದೆ. ಇದನ್ನು ಮೂರು ಸಮ ಪಾಲು ಮಾಡಿದರೆ ತಲಾ 2,333 ಏರುತ್ತದೆ. ನೋಡಲು ನ್ಯಾಯವೇ. ಆದರೆ ಫಲಿತಾಂಶ ನೋಡಿ: ನಂದಿನಿ 9,333 ಕೊಟ್ಟು ಮನೆಯ ಅತಿ ದೊಡ್ಡ ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ, ಕವಿತಾ 10,333 ಕೊಟ್ಟು ಅತಿ ಸಣ್ಣದರಲ್ಲಿ ಇರುತ್ತಾಳೆ. ಇದಕ್ಕೆ ಎದುರಾಗಿ ಇನ್ನೊಂದು ವಾದ ಬರುತ್ತದೆ: ಖಾಲಿಯಾದದ್ದು ನಂದಿನಿಯ ಕೋಣೆ, ಆದ್ದರಿಂದ ಪೂರ್ತಿ 7,000 ಅವಳೇ ಹಾಕಲಿ. ಹಾಗೆ ಮಾಡಿದರೆ ಅವಳ ಬಾಡಿಗೆ ಒಂದೇ ಏಟಿಗೆ ಎರಡರಷ್ಟಾಗುತ್ತದೆ. ಒಂಟಿ ಕೋಣೆ ಬೇಕು ಎಂದು ಅವಳು ಕೇಳಿರಲಿಲ್ಲ. ಕೈಗೆಟಕುವ ಬಾಡಿಗೆ ಎಂದೇ ಹಂಚಿಕೊಂಡಿದ್ದಳು. ಅವಳೂ ಬೇರೆ ಮನೆ ಹುಡುಕಲು ಹೊರಟರೆ ಉಳಿದ ಇಬ್ಬರ ತಲೆಯ ಮೇಲೆ 14,000 ಬೀಳುತ್ತದೆ.

ಎರಡೂ ತಪ್ಪು ದಾರಿ ಹಿಡಿಯಲು ಕಾರಣ ಒಂದೇ. ಆ 7,000ದಲ್ಲಿ ಎರಡು ಬೇರೆ ಬೇರೆ ಹಣ ಬೆರೆತಿವೆ. ಒಂದು ಭಾಗ ನಷ್ಟ: ಒಬ್ಬರು ಕಡಿಮೆಯಾದರು, ಅದು ಮನೆಯ ಎಲ್ಲರಿಗೂ ಸೇರಿದ ಹೊರೆ. ಇನ್ನೊಂದು ಭಾಗ ಲಾಭ: ಒಬ್ಬಳಿಗೆ ಒಂಟಿ ಕೋಣೆ ಸಿಕ್ಕಿತು, ಅದಕ್ಕೆ ಅವಳೇ ಬೆಲೆ ಕೊಡಬೇಕು. ಎಷ್ಟು ನಷ್ಟ, ಎಷ್ಟು ಲಾಭ ಎಂಬುದು ಕಾಲದ ಮೇಲೆ ಹೋಗುತ್ತದೆ. ಹೊಸಬರನ್ನು ಹುಡುಕುತ್ತಿರುವ ತಿಂಗಳುಗಳಲ್ಲಿ ನಂದಿನಿಗೆ ನಿಜವಾದ ಒಂಟಿ ಕೋಣೆ ಸಿಕ್ಕಿಲ್ಲ. ಅರ್ಧ ಬೀರು ಖಾಲಿ ಇಡಬೇಕು, ಮಂಚ ಸರಿಸುವಂತಿಲ್ಲ, ಭಾನುವಾರ ಬೆಳಿಗ್ಗೆ ಯಾರೋ ಬಂದು ಕೋಣೆ ನೋಡಿ ಹೋಗುತ್ತಾರೆ. ಹೊಸಬರು ಬರುವುದೇ ಇಲ್ಲ ಎಂದು ತೀರ್ಮಾನವಾದ ಮೇಲೆ ಮಾತ್ರ ಆ ಕೋಣೆ ಪೂರ್ತಿ ಒಬ್ಬರದಾಗುತ್ತದೆ. ಹಾಗಾಗಿ ಪತ್ರದಲ್ಲಿ ಎರಡು ಹಂತ ಇರಬೇಕು, ಮೊದಲ ಹಂತ ಮುಗಿಯುವ ತಾರೀಖೂ ಇರಬೇಕು. ತಾರೀಖಿಲ್ಲದ ‘ಸದ್ಯಕ್ಕೆ ಹೀಗಿರಲಿ’ ಎಂಬ ಏರ್ಪಾಡು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಉಳಿದುಬಿಟ್ಟಿದೆ.

ಬಾಡಿಗೆಯಷ್ಟು ಕಷ್ಟ ಬಿಲ್ಲುಗಳಲ್ಲಿಲ್ಲ. ಆದರೂ ಎಲ್ಲವನ್ನೂ ಒಂದೇ ರಾಶಿ ಹಾಕಬಾರದು. ತಲೆ ಎಣಿಸದ ಖರ್ಚು ಕೆಲವಿವೆ. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಸಾಮಾನ್ಯವಾಗಿ ಮನೆಯ ಚದರಡಿ ನೋಡುತ್ತದೆ ಅಥವಾ ಮನೆಗಿಷ್ಟು ಎಂದಿರುತ್ತದೆ. ನಾಲ್ವರಿದ್ದರೂ ಮೂವರಿದ್ದರೂ ಅದು ಅಷ್ಟೇ. ಇಂಟರ್ನೆಟ್ಟೂ ಹಾಗೆಯೇ, ಮನೆ ಗುಡಿಸಿ ಒರೆಸುವವರ ಸಂಬಳವೂ ಹಾಗೆಯೇ. ನಮ್ಮ ಉದಾಹರಣೆಯಲ್ಲಿ ಮೇಂಟೆನೆನ್ಸ್ 3,000, ಇಂಟರ್ನೆಟ್ 900, ಮನೆಗೆಲಸ 2,700 ಎಂದುಕೊಳ್ಳೋಣ. ಒಟ್ಟು 6,600. ನಾಲ್ವರಿದ್ದಾಗ ತಲಾ 1,650 ಆಗುತ್ತಿತ್ತು, ಇನ್ನು 2,200. ಅಡುಗೆಗೆ ಬರುವವರು ಸಾಮಾನ್ಯವಾಗಿ ಎಷ್ಟು ಜನಕ್ಕೆ ಎಂದು ಕೇಳಿಯೇ ಸಂಬಳ ಹೇಳುತ್ತಾರೆ. ಅದನ್ನು ನಾವೇ ಮನಸ್ಸಿನಲ್ಲಿ ಕಾಲು ಭಾಗ ಇಳಿಸಿ ಲೆಕ್ಕ ಹಾಕಬಾರದು, ಅವರನ್ನು ಕೇಳಿ ಆಮೇಲೆ ಬರೆಯಬೇಕು.

ಬಳಸಿದಷ್ಟು ಬರುವ ಖರ್ಚಿನಲ್ಲಿ ಕರೆಂಟ್ ಬಿಲ್ ಸ್ವಲ್ಪ ತಂತ್ರದ್ದು. ಅದರಲ್ಲಿ ಮಂಜೂರಾದ ಲೋಡಿನ ಮೇಲೆ ಬರುವ ನಿಗದಿತ ಶುಲ್ಕ ಒಂದು, ಸುಟ್ಟ ಯೂನಿಟ್ಟಿಗೆ ಬರುವ ಶುಲ್ಕ ಇನ್ನೊಂದು. ಅದರ ಮೇಲೆ ಗೃಹಜ್ಯೋತಿ ಇದೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆ ನೋಡಿ ಉಚಿತ ಯೂನಿಟ್ಟಿನ ಮಿತಿ ಗೊತ್ತುಮಾಡಿರುತ್ತಾರೆ. ಮಿತಿ ದಾಟಿಯೂ 200 ಯೂನಿಟ್ಟಿನ ಒಳಗಿದ್ದರೆ ದಾಟಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಾಲ್ವರ ಗೀಸರ್, ವಾಷಿಂಗ್ ಮಷಿನ್ ಸೇರಿ 220 ಬರುತ್ತಿದ್ದ ಮನೆ ಮೂವರಾದಾಗ 180ಕ್ಕೆ ಇಳಿದರೆ ಬಿಲ್ಲು ಕಾಲು ಭಾಗವಲ್ಲ, ಅದಕ್ಕಿಂತ ಬಹಳ ಕೆಳಗೆ ಹೋಗಬಹುದು. ಆದ್ದರಿಂದ ಹಳೆಯ ಬಿಲ್ ನೋಡಿ ಮುಂದಿನ ತಿಂಗಳಿನದು ಇಷ್ಟೇ ಎಂದು ಪತ್ರದಲ್ಲಿ ಬರೆಯಬೇಡಿ. ಬಂದ ಬಿಲ್ಲನ್ನು ಮೂರು ಪಾಲು ಮಾಡುವುದು ಎಂದಷ್ಟೇ ಬರೆಯಿರಿ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಗೃಹಜ್ಯೋತಿಗೆ ಯಾರ ಆಧಾರ್ ಜೋಡಿಸಿದ್ದೀರಿ? ಹೊರಡುವವರದ್ದಾಗಿದ್ದರೆ ಸೇವಾ ಸಿಂಧುವಿನಲ್ಲಿ ಅದನ್ನು ಡಿ-ಲಿಂಕ್ ಮಾಡಿಸಿ ಉಳಿದವರೊಬ್ಬರ ಹೆಸರಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಅನಿತಾಗೆ ಹುಬ್ಬಳ್ಳಿಯ ಮನೆಯಲ್ಲಿ ಅರ್ಜಿ ಹಾಕಲು ಆಗುವುದಿಲ್ಲ.

ನಿಜವಾದ ತೊಡಕು ಅಡ್ವಾನ್ಸಿನದು. ಬಾಡಿಗೆಯಲ್ಲಿ ಹೆಚ್ಚುಕಡಿಮೆಯಾದರೆ ತಿಂಗಳಿಗೆ ಐನೂರು ಸಾವಿರದ ಮಾತು. ಅಡ್ವಾನ್ಸಿನಲ್ಲಿ ಒಬ್ಬೊಬ್ಬರ ಉಳಿತಾಯವೇ ಸಿಕ್ಕಿಕೊಂಡಿರುತ್ತದೆ. ಈ ಮನೆಗೆ ಐದು ತಿಂಗಳ ಬಾಡಿಗೆ, 1,60,000 ಕೊಟ್ಟಿದ್ದಾರೆ, ತಲಾ 40,000. ಅನಿತಾ ಹೊರಟಳೆಂದು ಓನರ್ 40,000 ಬಿಚ್ಚುವುದಿಲ್ಲ. ಮನೆ ಖಾಲಿಯಾದಾಗ ಒಟ್ಟಿಗೆ ಕೊಡುತ್ತೇನೆ ಎನ್ನುತ್ತಾರೆ, ಅವರ ದೃಷ್ಟಿಯಲ್ಲಿ ಅದು ಸರಿಯೇ. ಆದ್ದರಿಂದ ಆ ಹಣ ಅನಿತಾಗೆ ಮನೆಯೊಳಗಿಂದಲೇ ಹುಟ್ಟಬೇಕು: ಒಂದೋ ಅವಳ ಜಾಗಕ್ಕೆ ಬರುವವರು ಕೊಡಬೇಕು, ಇಲ್ಲವೇ ಉಳಿದ ಮೂವರು ಕೂಡಿಸಿ ಕೊಡಬೇಕು.

ಪೂರ್ತಿ 40,000 ಕೊಡಬೇಕೇ? ಇಲ್ಲಿ ಪೇಂಟಿಂಗ್ ಚಾರ್ಜ್ ನೆನಪಿಡಿ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಸುಣ್ಣಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ಬೆಂಗಳೂರಿನ ಓನರ್‌ಗಳ ವಾಡಿಕೆ, ಕರಾರುಪತ್ರದಲ್ಲೂ ಬರೆದಿರುತ್ತಾರೆ. ಅಂದರೆ 32,000 ಕೊನೆಗೆ ಹೋಗುವುದೇ, ತಲೆಗೆ 8,000. ಅನಿತಾ ಪೂರ್ತಿ ಹಣ ತೆಗೆದುಕೊಂಡು ಹೋದರೆ ಅವಳು ಇದ್ದಾಗ ಮಾಸಿದ ಗೋಡೆಗೆ ನಾಳೆ ಬರುವವರು ದುಡ್ಡು ಕೊಟ್ಟಂತೆ. ಹಾಗೆಂದು ಪೂರ್ತಿ 8,000 ಹಿಡಿದರೆ, ಅವಳು ಹೋದ ಮೇಲೂ ವರ್ಷಗಟ್ಟಲೆ ಇರುವವರ ಗೋಡೆಗೆ ಅವಳು ಕೊಟ್ಟಂತೆ. ಮನೆ ಎಂದು ಬಿಡುತ್ತೇವೋ ಈಗ ಯಾರಿಗೂ ಗೊತ್ತಿಲ್ಲ. ಅರ್ಧ, ಅಂದರೆ 4,000 ಹಿಡಿದು 36,000 ಕೊಡುವುದು ನನಗೆ ಸರಿ ಕಾಣುತ್ತದೆ. ಅವಳ ಜಾಗಕ್ಕೆ ಬರುವವರು 36,000 ಕೊಟ್ಟರೂ ಅವರ ಪಾಲು 40,000 ಎಂದೇ ಬರೆದುಕೊಳ್ಳಬೇಕು. ಪೇಂಟಿಂಗ್‌ಗೆ ಕತ್ತರಿ ಬಿದ್ದಾಗ ಆ ವ್ಯತ್ಯಾಸ ಅವರನ್ನು ಕಾಯುತ್ತದೆ.

ಇಷ್ಟು ಲೆಕ್ಕ ಕೈಯಲ್ಲಿದ್ದರೆ ಪತ್ರ ತಾನಾಗಿ ಬರುತ್ತದೆ. ಅನಿತಾ ಮನೆಯಲ್ಲಿರುವಾಗಲೇ ಬರೆಯಬೇಕು, ಅಡ್ವಾನ್ಸಿನ ಮಾತಿನಲ್ಲಿ ಅವಳ ಒಪ್ಪಿಗೆಯೂ ಬೇಕಲ್ಲ. ಯಾರು ಎಷ್ಟು ಹೆಚ್ಚು ಕೊಡಬೇಕಾಗುತ್ತದೆ ಎಂಬುದನ್ನು ಮುಚ್ಚಿಡದೆ ಹೆಸರು ಹಿಡಿದು ಬರೆಯಬೇಕು, ಬರೆಯುವವರ ಸ್ವಂತ ಏರಿಕೆಯನ್ನೂ ಸೇರಿಸಿ. ಕವಿತಾಳ ಪತ್ರ ಹೀಗಿರಬಹುದು:

ಶೈಲಕ್ಕ, ನಂದಿನಿ, ಅನಿತಾ,

ಅನಿತಾ ಜೂನ್ 30ಕ್ಕೆ ಹೊರಡುತ್ತಾಳೆ. ಜೂನ್ ಬಾಡಿಗೆ, ಬಿಲ್ಲುಗಳಲ್ಲಿ ಅವಳ ಪಾಲು ಎಂದಿನಂತೆ ಇರುತ್ತದೆ. ಜುಲೈನಿಂದ ಹೇಗೆ ಎಂದು ನಾನೊಂದು ಲೆಕ್ಕ ಹಾಕಿದ್ದೇನೆ. ಇದು ತೀರ್ಮಾನವಲ್ಲ, ಓದಿ ಹೇಳಿ.

ಜುಲೈ, ಆಗಸ್ಟ್ ಎರಡು ತಿಂಗಳು ಹೊಸಬರನ್ನು ಹುಡುಕೋಣ. ಅಲ್ಲಿಯವರೆಗೆ ಅನಿತಾಳ 7,000ದಲ್ಲಿ ನಂದಿನಿ 3,000, ಶೈಲಕ್ಕ 2,000, ನಾನು 2,000 ಹಾಕೋಣ. ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ ಎಂದು ನಂದಿನಿಗೆ ಸಾವಿರ ಹೆಚ್ಚು. ಆದರೆ ಜಾಗ ಖಾಲಿ ಇಟ್ಟು, ಬಂದವರಿಗೆ ತೋರಿಸುವ ತೊಂದರೆ ಅವಳದೇ ಆದ್ದರಿಂದ ಪೂರ್ತಿ ಹೊರೆ ಅವಳ ಮೇಲೆ ಹಾಕಿಲ್ಲ. ಮೇಂಟೆನೆನ್ಸ್, ಇಂಟರ್ನೆಟ್, ಮನೆಗೆಲಸ ಸೇರಿ ತಲಾ 2,200. ಅಂದರೆ ನಂದಿನಿ ಈಗ ಕೊಡುತ್ತಿರುವ 8,650ರ ಬದಲು 12,200, ಶೈಲಕ್ಕ 11,650ರ ಬದಲು 14,200, ನಾನು 9,650ರ ಬದಲು 12,200. ಕರೆಂಟು, ಸಿಲಿಂಡರ್ ಬಂದಷ್ಟನ್ನು ಮೂರು ಪಾಲು. ಅಡುಗೆಯವರ ಹತ್ತಿರ ಶೈಲಕ್ಕ ಮಾತಾಡಿದರೆ ಒಳ್ಳೆಯದು, ಅವರಿಗೆ ನಿಮ್ಮ ಮೇಲೆ ವಿಶ್ವಾಸ.

ಹೊಸಬರು ಬಂದರೆ ಅವರು 7,000 ಕೊಡುತ್ತಾರೆ, ನಾವೆಲ್ಲ ಹಳೆಯ ಬಾಡಿಗೆಗೆ ಹಿಂದಿರುಗುತ್ತೇವೆ. ಅವರ ಜೊತೆ ಕೋಣೆ ಹಂಚಿಕೊಳ್ಳುವವಳು ನಂದಿನಿ, ಆದ್ದರಿಂದ ಅವಳು ಬೇಡ ಎಂದರೆ ಬೇಡ. ಆದರೆ ಮೂವರನ್ನು ಬೇಡ ಎಂದ ಮೇಲೆ ಒಂಟಿ ಕೋಣೆಯೇ ಬೇಕು ಎಂದು ತಿಳಿಯೋಣ.

ಆಗಸ್ಟ್ 25ರವರೆಗೆ ಯಾರೂ ಸಿಗದಿದ್ದರೆ ಸೆಪ್ಟೆಂಬರ್‌ನಿಂದ ನಾವು ಮೂವರೇ. ಆಗ ಮೂರೂ ಕೋಣೆಗೆ ಹೊಸದಾಗಿ ಬೆಲೆ ಕಟ್ಟೋಣ, ಬೇಕಾದರೆ ಕೋಣೆ ಬದಲಿಸೋಣ. ಒಬ್ಬೊಬ್ಬರೂ ಚೀಟಿಯಲ್ಲಿ ಬರೆದು ಒಟ್ಟಿಗೆ ತೆರೆಯೋಣ, ಹೇಗೆಂದು ಕೂತಾಗ ಹೇಳುತ್ತೇನೆ.

ಅಡ್ವಾನ್ಸ್: ಅನಿತಾಗೆ 40,000ದಲ್ಲಿ ಪೇಂಟಿಂಗ್‌ಗೆ 4,000 ಹಿಡಿದು 36,000. ಹೊಸಬರು ಬಂದ ದಿನ ಅವರೇ ನೇರವಾಗಿ ಅವಳಿಗೆ ಕಳಿಸಲಿ. ಆಗಸ್ಟ್ ಮುಗಿದರೂ ಯಾರೂ ಬರದಿದ್ದರೆ ನಾವು ಮೂವರು ತಲಾ 12,000 ಕೊಡೋಣ, ಸೆಪ್ಟೆಂಬರ್ ಅರ್ಧ, ಅಕ್ಟೋಬರ್ ಅರ್ಧ. ಅನಿತಾ, ಇಷ್ಟು ಕಾಯಲು ಆಗುತ್ತದಾ? ಅಲ್ಲಿ ಹೊಸ ಮನೆಗೆ ಅಡ್ವಾನ್ಸ್ ಕೊಡಬೇಕಿದ್ದರೆ ಈಗಲೇ ಹೇಳು.

ಇದರಲ್ಲಿ ಯಾರಿಗೆ ಯಾವುದು ಭಾರ ಎನಿಸಿದರೂ ಗುಂಪಿನಲ್ಲೇ ಹೇಳಬೇಕೆಂದಿಲ್ಲ, ನನ್ನ ಕೋಣೆಗೆ ಬಂದು ಹೇಳಿ. ಜೂನ್ 15ರ ಭಾನುವಾರ ರಾತ್ರಿ ಊಟ ಆದ ಮೇಲೆ ಕೂತು ಮುಗಿಸೋಣ.

ಕವಿತಾ

ಈ ಪತ್ರದಲ್ಲಿ ಎರಡು ವಿಷಯ ಗಮನಿಸಿ. ‘ಮೂವರನ್ನು ಬೇಡ ಎಂದ ಮೇಲೆ’ ಎಂಬ ಸಾಲು ಕಟುವಾಗಿ ಕಾಣಬಹುದು, ಆದರೆ ಅದು ಬೇಕು. 10,000 ಕೊಟ್ಟು ದೊಡ್ಡ ಕೋಣೆಯಲ್ಲಿ ಒಬ್ಬಳೇ ಇರುವುದು ಹಿತವೆನಿಸಿದರೆ, ಬಂದವರೆಲ್ಲರಲ್ಲೂ ಏನಾದರೊಂದು ಕೊರತೆ ಕಾಣತೊಡಗುತ್ತದೆ. ಯಾರ ಮನಸ್ಸೂ ಕೆಟ್ಟದ್ದಲ್ಲ, ಏರ್ಪಾಡೇ ಹಾಗೆ ಎಳೆಯುತ್ತದೆ. ಎರಡನೆಯದು, ಬೇರೆಯಾಗಿ ಬಂದು ಹೇಳಿ ಎಂಬ ಮಾತು. 3,550 ಹೆಚ್ಚು ಕೊಡಲು ಕೈಯಲ್ಲಿ ಹಣವಿಲ್ಲ ಎಂದು ಎಲ್ಲರೆದುರು ಹೇಳುವುದು ಯಾರಿಗೂ ಸುಲಭವಲ್ಲ.

ಇನ್ನು ಚೀಟಿಯ ವಿಷಯ. ಸಮ ಪಾಲಿಗಿಂತ ಇದು ಎಷ್ಟು ಒಳ್ಳೆಯದೆಂದು ಒಮ್ಮೆ ಮಾಡಿ ನೋಡಿದವರಿಗೇ ಗೊತ್ತು. ನಿಯಮ ಒಂದೇ: ಪ್ರತಿಯೊಬ್ಬರೂ ಮೂರು ಕೋಣೆಗೂ ತಮಗೆ ಎಷ್ಟು ಬೆಲೆ ಎನಿಸುತ್ತದೋ ಬರೆಯಬೇಕು, ಮೂರೂ ಕೂಡಿದರೆ 32,000 ಆಗಬೇಕು. ನಂದಿನಿ ದೊಡ್ಡ ಕೋಣೆಗೆ 13,000, ಬಾಲ್ಕನಿಗೆ 11,000, ಸಣ್ಣದಕ್ಕೆ 8,000 ಬರೆದಳು ಎಂದುಕೊಳ್ಳಿ. ಶೈಲಕ್ಕ ಅದೇ ಕ್ರಮದಲ್ಲಿ 13,500, 11,000, 7,500. ಕವಿತಾ 12,000, 10,500, 9,500.

ಈಗ ಯಾರನ್ನು ಯಾವ ಕೋಣೆಗೆ ಹಾಕಿದರೆ ಅವರವರು ಬರೆದ ಬೆಲೆಗಳ ಮೊತ್ತ ಅತಿ ಹೆಚ್ಚಾಗುತ್ತದೆ ನೋಡಬೇಕು. ಮೂವರಿಗೆ ಮೂರು ಕೋಣೆ, ಆರೇ ಜೋಡಣೆ, ಕಾಗದದ ಮೇಲೆ ಐದು ನಿಮಿಷದ ಕೆಲಸ. ಇದ್ದವರು ಇದ್ದಲ್ಲೇ ಇದ್ದರೆ 13,000, 11,000, 9,500 ಸೇರಿ 33,500. ಶೈಲಕ್ಕ ದೊಡ್ಡ ಕೋಣೆಗೆ ಹೋಗಿ ನಂದಿನಿ ಬಾಲ್ಕನಿಗೆ ಬಂದರೆ 13,500, 11,000, 9,500 ಸೇರಿ 34,000. ಇದೇ ಎಲ್ಲಕ್ಕಿಂತ ಹೆಚ್ಚು. ಓನರ್‌ಗೆ ಬೇಕಾದ್ದು 32,000 ಮಾತ್ರ, ಉಳಿದದ್ದು 2,000. ಅದನ್ನು ಮೂವರಿಗೂ ಹೆಚ್ಚುಕಡಿಮೆ ಸಮವಾಗಿ ಇಳಿಸಿ: ಶೈಲಕ್ಕ 12,800, ನಂದಿನಿ 10,400, ಕವಿತಾ 8,800. ಪ್ರತಿಯೊಬ್ಬರೂ ತಾವೇ ಕಟ್ಟಿದ ಬೆಲೆಗಿಂತ ಕಡಿಮೆ ಕೊಡುತ್ತಿದ್ದಾರೆ!

ಕೊನೆಗೆ ಒಂದು ಪರೀಕ್ಷೆ ಬಾಕಿ ಇದೆ. ಈ ಬೆಲೆಗಳನ್ನು ಮುಂದಿಟ್ಟು ಒಬ್ಬೊಬ್ಬರನ್ನೂ ಕೇಳಿ, ‘ಇದೇ ಬೆಲೆಗೆ ಬೇರೆಯವರ ಕೋಣೆ ಬೇಕಾ?’ ನಂದಿನಿಗೆ ಬಾಲ್ಕನಿ ಕೋಣೆಯಲ್ಲಿ 600 ಉಳಿತಾಯ, ದೊಡ್ಡ ಕೋಣೆ 12,800ಕ್ಕೆ ತೆಗೆದುಕೊಂಡರೆ ಉಳಿತಾಯ 200 ಮಾತ್ರ, ಆದ್ದರಿಂದ ಅವಳು ಬದಲಿಸಲಾರಳು. ಶೈಲಕ್ಕನಿಗೆ ದೊಡ್ಡದರಲ್ಲಿ 700, ಬಾಲ್ಕನಿಯಲ್ಲಿ 600. ಕವಿತಾಗೆ ಸಣ್ಣದರಲ್ಲಿ 700, ಬಾಲ್ಕನಿಯಲ್ಲಿ ನೂರೇ. ಯಾರಿಗೂ ಇನ್ನೊಬ್ಬರ ಕೋಣೆಯ ಮೇಲೆ ಕಣ್ಣಿಲ್ಲ. ಸಮವಾಗಿ ಇಳಿಸಿದಾಗ ಪ್ರತಿ ಸಲವೂ ಹೀಗೆ ಹೊಂದುತ್ತದೆ ಎಂದೇನಿಲ್ಲ. ಹೊಂದದಿದ್ದರೆ ಬೇಡಿಕೆ ಹೆಚ್ಚಿರುವ ಕೋಣೆಗೆ ಇನ್ನೂರು ಮುನ್ನೂರು ಏರಿಸಿ ಉಳಿದೆರಡಕ್ಕೆ ಇಳಿಸುತ್ತ ಹೋಗಬೇಕು. ಬಾಡಿಗೆ ಹಂಚುವ ಈ ಪ್ರಶ್ನೆಯ ಮೇಲೆಯೇ ಅಮೆರಿಕದ ಗಣಿತಜ್ಞ ಫ್ರಾನ್ಸಿಸ್ ಸೂ 1999ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕೆಲವು ಸಾಮಾನ್ಯ ಷರತ್ತುಗಳಿದ್ದರೆ ಯಾರೂ ಇನ್ನೊಬ್ಬರ ಕೋಣೆಗೆ ಆಸೆಪಡದ ಹಂಚಿಕೆ ಇದ್ದೇ ಇರುತ್ತದೆ ಎಂದು ಅದರಲ್ಲಿ ತೋರಿಸಿದ್ದಾರೆ. ಅವರ ದಾರಿ ಇದಕ್ಕಿಂತ ಸೂಕ್ಷ್ಮವಾದದ್ದು, ನಮಗೆ ಚೀಟಿ ಸಾಕು.

ಚೀಟಿಗೂ ಮಿತಿ ಇದೆ. ಕೋಣೆ ಎಷ್ಟು ಇಷ್ಟ ಎಂದು ಅದು ಹೇಳುತ್ತದೆ, ಎಷ್ಟು ಕೊಡಲು ಶಕ್ತಿಯಿದೆ ಎಂದು ಹೇಳುವುದಿಲ್ಲ. ಮೂರರಲ್ಲಿ ಅತಿ ಅಗ್ಗದ ಕೋಣೆಯೂ 8,800 ಆಗಿ, ನಂದಿನಿಗೆ 8,000ಕ್ಕಿಂತ ಹೆಚ್ಚು ಆಗುವುದೇ ಇಲ್ಲ ಎಂದಾದರೆ ಯಾವ ಗಣಿತವೂ ನೆರವಿಗೆ ಬಾರದು. ಆಗ ಮೂವರೇ ಇರುವ ಯೋಚನೆ ಬಿಟ್ಟು ಹುಡುಕಾಟ ಮುಂದುವರಿಸಬೇಕು, ಇಲ್ಲವೇ ಸಣ್ಣ ಮನೆ ನೋಡಬೇಕು. ಎದುರಿಗೆ ಕೂತವರು ಏನು ಬರೆದರೆಂದು ಇಣುಕಿ ನೋಡಿ ಬರೆದರೂ ಲೆಕ್ಕ ಕೆಡುತ್ತದೆ. ಒಟ್ಟಿಗೆ ತೆರೆಯೋಣ ಎಂದು ಕವಿತಾ ಬರೆದದ್ದು ಅದಕ್ಕೇ.

ಮೂವರೂ ಒಪ್ಪಿದ ಮೇಲೆ ಓನರ್‌ಗೆ ತಿಳಿಸುವ ಕೆಲಸ ಉಳಿಯುತ್ತದೆ. ಕರಾರುಪತ್ರದಲ್ಲಿ ಯಾರ ಹೆಸರಿದೆ ಎಂದು ಮೊದಲೇ ತೆಗೆದು ನೋಡಿರಬೇಕು. ಬಾಡಿಗೆ ಬರದಿದ್ದರೆ ಓನರ್ ಕೇಳುವುದು ಸಹಿ ಹಾಕಿದವರನ್ನು. ಕರಾರು ಅನಿತಾ ಒಬ್ಬಳ ಹೆಸರಲ್ಲೇ ಇದ್ದರೆ ಹೊಸ ಕರಾರು ಆಗುವವರೆಗೆ ಅವಳು ಹುಬ್ಬಳ್ಳಿಯಲ್ಲಿದ್ದೂ ಈ ಮನೆಯ ಹೊಣೆ ಹೊತ್ತಿರುತ್ತಾಳೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಇಲ್ಲಿ ಎಲ್ಲರೂ 11 ತಿಂಗಳಿಗೇ ಬರೆಸುತ್ತಾರೆ. ನವೀಕರಣ ಹತ್ತಿರದಲ್ಲಿದ್ದರೆ ಹೆಸರು ಬದಲಿಸಲು ಅದೇ ಸಮಯ. ಬಾಡಿಗೆ ಏರಿಸುವ ಮಾತೂ ಆಗಲೇ ಬರುತ್ತದೆ, ಆ ಏರಿಕೆಯನ್ನೂ ಹೊಸ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಸಂಬಳದಲ್ಲಿ ಎಚ್‌ಆರ್‌ಎ ವಿನಾಯಿತಿ ಪಡೆಯುವವರು ಇನ್ನೊಂದು ನೋಡಿಕೊಳ್ಳಬೇಕು. ವರ್ಷದ ಬಾಡಿಗೆ 1,00,000 ದಾಟಿದರೆ ಓನರ್‌ರ ಪ್ಯಾನ್ ಕೊಡಬೇಕಾಗುತ್ತದೆ. ತಿಂಗಳಿಗೆ 8,000 ಕೊಡುತ್ತಿದ್ದ ಕವಿತಾಳದು ವರ್ಷಕ್ಕೆ 96,000 ಇತ್ತು, ಎರಡು ತಿಂಗಳು 10,000 ಕೊಟ್ಟರೆ ಸರಿಯಾಗಿ 1,00,000ಕ್ಕೆ ಬಂದು ನಿಲ್ಲುತ್ತದೆ, ಇನ್ನೊಂದು ತಿಂಗಳು ಏರಿದರೆ ದಾಟುತ್ತದೆ. ಪ್ಯಾನ್ ಕೇಳಿದರೆ ಮುಖ ಗಂಟಿಕ್ಕುವ ಓನರ್‌ಗಳಿದ್ದಾರೆ, ಮಾರ್ಚ್‌ವರೆಗೆ ಕಾಯದೆ ಈಗಲೇ ಕೇಳುವುದು ಮೇಲು.

ಓನರ್‌ಗೆ ಕಳಿಸುವ ಸಂದೇಶ ಚಿಕ್ಕದಾಗಿರಲಿ: ಅನಿತಾ ಜೂನ್ 30ಕ್ಕೆ ಮನೆ ಬಿಟ್ಟಿದ್ದಾರೆ, 1,60,000 ಅಡ್ವಾನ್ಸ್‌ನಲ್ಲಿ ಅವರ ಪಾಲನ್ನು ನಾವು ತೀರಿಸಿದ್ದೇವೆ, ಮುಂದೆ ಆ ಹಣ ನಮ್ಮ ಮೂವರಿಗೆ ಸೇರಬೇಕು. ಅನಿತಾಗೆ ಹಣ ತಲುಪಿದ ಮೇಲೆಯೇ ಇದನ್ನು ಕಳಿಸಬೇಕು, ಕೆಳಗೆ ‘ನನಗೆ ಒಪ್ಪಿಗೆ’ ಎಂದು ಅವಳೂ ಬರೆಯಬೇಕು. ಓನರ್‌ರಿಂದ ‘ಸರಿ’ ಎಂಬ ಉತ್ತರ ಬಂದರೆ ಅದನ್ನು ಕರಾರುಪತ್ರದ ಜೊತೆಗೇ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.